ಒಂದನೇ ತಾರೀಕಿನಿಂದ ಗಡ್ಡ ಇಲ್ಲ

ಆ ನೋಟೀಸನ್ನು ಕನ್ನಡದಲ್ಲಿ ಬರೆದವನು ನಾನು. ಇಂಗ್ಲಿಷಿನಲ್ಲಿ ಬರೆದವರು ಧಣಿಗಳ ಮಗಳು. ಅವರು ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತು, ಬೇರೆ ಊರಿನ ದೊಡ್ಡ ಹೋಟೆಲುಗಳಲ್ಲಿ ಆರೇಳು ವರ್ಷ ದುಡಿದು, ಅಪ್ಪನಿಗೆ ಮಂಡಿನೋವು ಶುರುವಾದ ಮೇಲೆ ವಾಪಸು ಬಂದವರು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ನಾನು ಅಲ್ಲಿ ಮ್ಯಾನೇಜರು. ಹೆಸರಿಗೆ ಮ್ಯಾನೇಜರು, ಕೆಲಸಕ್ಕೆ ಎಲ್ಲವೂ: ಊಟದ ಹೊತ್ತಿಗೆ ಸಾಂಬಾರಿನ ಬಕೆಟು ಖಾಲಿಯಾದರೆ ನನಗೇ ಕೂಗು, ಎಸಿಯಿಂದ ನೀರು ಸೋರಿದರೂ ನನಗೇ ಕೂಗು. ಕಂಕನಾಡಿಯ ಆಸ್ಪತ್ರೆಗಳಿಂದ ನಡೆದು ಬರುವಷ್ಟು ದೂರದಲ್ಲಿ ನಮ್ಮ ಹೋಟೆಲು. ರೋಗಿಗಳನ್ನು ನೋಡಲು ಬಂದವರು ಮೀನಿನ ಊಟ ಮಾಡಿ ಹೋಗುತ್ತಿದ್ದರು. ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ನಾನು ಒಂದು ನಿಮಿಷ ಕೂತದ್ದು ನೆನಪಿಲ್ಲ. ಕೂತರೆ ನನಗೆ ಆಗುವುದೂ ಇಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗಲೂ ನಡುವೆ ಎರಡು ಸಲ ಎದ್ದು ನೀರು ತರುತ್ತೇನೆ ಎಂದು ಹೆಂಡತಿ ಬೈಯುತ್ತಾಳೆ.

ಎಲ್ಲ ಶುರುವಾದದ್ದು ಒಂದು ಕೂದಲಿನಿಂದ. ಯಾರೋ ಒಬ್ಬ ಗಿರಾಕಿ ಬಂಗುಡೆ ಗಸಿಯ ಬಟ್ಟಲಲ್ಲಿ ಕೂದಲು ಸಿಕ್ಕಿತೆಂದು ಫೋಟೋ ತೆಗೆದು ಇಂಟರ್‌ನೆಟ್ಟಿನಲ್ಲಿ ಹಾಕಿದ. ಮಾತೆತ್ತದೆ ಊಟ ಮುಗಿಸಿ, ಬಿಲ್ಲು ಕೊಟ್ಟು, ಸೋಂಪು ಬಾಯಿಗೆ ಹಾಕಿಕೊಂಡು ಹೋದ ಮನುಷ್ಯ ಮನೆಗೆ ಹೋಗಿ ಈ ಕೆಲಸ ಮಾಡಿದ್ದ. ಅಲ್ಲೇ ಹೇಳಿದ್ದರೆ ಬೇರೆ ಬಟ್ಟಲು ಕೊಡುತ್ತಿದ್ದೆ, ಕ್ಷಮೆ ಕೇಳುತ್ತಿದ್ದೆ. ಮೇಡಂ ಆ ಫೋಟೋವನ್ನು ನನಗೆ ತೋರಿಸಿ ಏನೂ ಹೇಳಲಿಲ್ಲ. ಅವರು ಬೈಯುವವರಲ್ಲ, ಅದೇ ಕಷ್ಟ. ಮೂರನೇ ದಿನ ನೋಟೀಸಿನ ಇಂಗ್ಲಿಷ್ ಪ್ರತಿ ನನ್ನ ಮೇಜಿನ ಮೇಲೆ ಇತ್ತು.

ನೋಟೀಸಿನಲ್ಲಿ ತಪ್ಪೇನೂ ಇರಲಿಲ್ಲ. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಸಪ್ಲಾಯರುಗಳಿಗೆ ಕಪ್ಪು ಪ್ಯಾಂಟು, ಬೂದು ಬಣ್ಣದ ಅರ್ಧ ತೋಳಿನ ಅಂಗಿ, ಕೆಂಪು ಏಪ್ರನ್ನು, ಕಪ್ಪು ಬೂಟು, ಕಾಲುಚೀಲ. ಅಡುಗೆಯವರಿಗೆ ಬಿಳಿ ಕೋಟು, ಟೋಪಿ. ಪಾತ್ರೆ ತೊಳೆಯುವ, ತರಕಾರಿ ಹೆಚ್ಚುವ ಹೆಂಗಸರಿಗೆ ಸೀರೆಯ ಮೇಲೆ ಕೋಟು, ತಲೆಗೆ ಬಲೆ, ಹೂ ಮುಡಿಯುವಂತಿಲ್ಲ. ಎಲ್ಲರಿಗೂ ತಲಾ ಎರಡು ಜೊತೆ ಹೋಟೆಲಿನ ಕಡೆಯಿಂದಲೇ. ಉಗುರು ಕತ್ತರಿಸಿರಬೇಕು. ಕೈಗೆ ಉಂಗುರ, ವಾಚು, ದಾರ ಯಾವುದೂ ಇರಬಾರದು. ಕೂದಲು ಕಾಲರು ಮುಟ್ಟಬಾರದು. ದಿನಾ ಗಡ್ಡ ಬೋಳಿಸಿರಬೇಕು. ಮೀಸೆ ಇಟ್ಟರೆ ತುಟಿಯ ಅಂಚು ದಾಟಬಾರದು. ಧಾರ್ಮಿಕ ಕಾರಣಕ್ಕೆ ಗಡ್ಡ ಇಡುವವರು ಇಪ್ಪತ್ತೈದನೇ ತಾರೀಕಿನ ಒಳಗೆ ಅರ್ಜಿ ಕೊಡಬೇಕು, ಕೆಲಸದ ಹೊತ್ತಿನಲ್ಲಿ ಗಡ್ಡಕ್ಕೆ ಬಲೆ ಹಾಕಬೇಕು. ಪಾಲಿಸದವರನ್ನು ಆ ದಿನ ಕೆಲಸಕ್ಕೆ ಹತ್ತಿಸುವುದಿಲ್ಲ.

ನನಗೆ ನಿಯಮ ಎಂದರೆ ಇಷ್ಟ, ಅದನ್ನು ಒಪ್ಪಿಕೊಳ್ಳುತ್ತೇನೆ. ಹದಿನಾರನೇ ವಯಸ್ಸಿಗೆ ಮುಂಬಯಿಯ ಹೋಟೆಲಿನಲ್ಲಿ ಮೇಜು ಒರೆಸಲು ಹೋದವನು ನಾನು. ಅಲ್ಲಿಯ ಭಟ್ರು ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಉಗುರು ನೋಡುತ್ತಿದ್ದರು. ಕನ್ನಡದ ನೋಟೀಸನ್ನು ಅಷ್ಟೇ ಚಂದದಲ್ಲಿ, ಅಕ್ಷರ ದುಂಡಗೆ ಬರೆದು, ಕೆಳಗೆ ಸಹಿ ಹಾಕಿ, ಹಾಜರಿ ಹಾಕುವ ಮೆಷಿನ್ನಿನ ಪಕ್ಕ ಅಂಟಿಸಿದೆ. ಅಂಟಿಸಿದ ಹತ್ತು ನಿಮಿಷಕ್ಕೆ ಮೀನು ಹುರಿಯುವವನು ಬಂದು ಬೂಟು ಹಾಕಿದರೆ ತನ್ನ ಕಾಲು ಬೇಯುತ್ತದೆ ಎಂದ. ತರಕಾರಿಯ ಅಕ್ಕಂದಿರಲ್ಲಿ ಒಬ್ಬಳು ಶುಕ್ರವಾರ ಒಂದು ದಿನವಾದರೂ ಮಲ್ಲಿಗೆ ಬಿಡಿ ಎಂದು ಕೇಳಿದಳು. ತಂದೂರಿಯ ಬ್ಯಾರಿ ಮುಸ್ಲಿಂ ಹುಡುಗ ಅದೇ ಸಂಜೆ ಅರ್ಧ ಪುಟದ ಅರ್ಜಿ ಕೊಟ್ಟ, ಮರುದಿನವೇ ಮೇಡಂ ಸಹಿ ಆಯಿತು, ಅವನು ಗಡ್ಡದ ಬಲೆ ಹಾಕಿಕೊಂಡು ಸೆಲ್ಫಿ ತೆಗೆದು ಎಲ್ಲರಿಗೂ ತೋರಿಸಿದ. ಗೊಣಗಾಟವೆಲ್ಲ ಎರಡು ದಿನದಲ್ಲಿ ತಮಾಷೆಗೆ ತಿರುಗಿತು. ಟೈಲರು ಬಂದು ಎಲ್ಲರ ಅಳತೆ ತೆಗೆದ. ಹೊಟ್ಟೆಯ ಅಳತೆ ತೆಗೆಯುವಾಗ ಉಸಿರು ಒಳಗೆ ಎಳೆದುಕೊಂಡವರ ಪ್ಯಾಂಟು ನಂತರ ಸೊಂಟಕ್ಕೆ ಏರಲಿಲ್ಲ; ಅದರಲ್ಲಿ ನಾನೂ ಒಬ್ಬ.

ಮಾತಾಡದವನು ಒಬ್ಬನೇ. ಎಸಿ ಹಾಲ್ ನೋಡಿಕೊಳ್ಳುವ ಸಪ್ಲಾಯರ್. ಮೂವತ್ತೈದರ ಆಸುಪಾಸು, ನಮ್ಮಲ್ಲಿ ಹನ್ನೊಂದು ವರ್ಷದಿಂದ ಇದ್ದವನು. ಮೀನುಗಾರರ ಮನೆಯವನು, ನದಿಯ ಆಚೆ ಬೆಂಗರೆಯಲ್ಲಿ ಮನೆ. ದಿನಾ ದೋಣಿಯಲ್ಲಿ ದಾಟಿ, ದಕ್ಕೆಯಿಂದ ಬಸ್ಸು ಹಿಡಿದು ಬರುತ್ತಿದ್ದ, ಆದರೂ ಊರೊಳಗಿನವರಿಗಿಂತ ಮೊದಲು ಮುಟ್ಟುತ್ತಿದ್ದ. ಯಾವ ಮೀನು ಇವತ್ತಿನದು, ಯಾವುದು ಐಸಿನಲ್ಲಿ ಮಲಗಿದ್ದು ಎಂದು ಕಣ್ಣಲ್ಲೇ ಹೇಳುತ್ತಿದ್ದ. ಮಾಮೂಲು ಗಿರಾಕಿಗಳು ಅವನ ಮುಖ ನೋಡಿಯೇ ಆರ್ಡರ್ ಕೊಡುತ್ತಿದ್ದರು: ಅಂಜಲ್ ಕೇಳಿದಾಗ ಅವನು ಸ್ವಲ್ಪ ತಡೆದರೆ ಬೇರೆ ಮೀನು ಹೇಳುತ್ತಿದ್ದರು. ಅವನಿಗೆ ಗಡ್ಡ ಇತ್ತು. ಕತ್ತರಿ ಹಾಕಿ ಚೊಕ್ಕವಾಗಿ ಇಟ್ಟುಕೊಳ್ಳುತ್ತಿದ್ದ, ಬ್ಲೇಡು ಮಾತ್ರ ಮುಟ್ಟಿಸುತ್ತಿರಲಿಲ್ಲ.

ಅವನ ಗಡ್ಡಕ್ಕೆ ಎರಡು ವರ್ಷ ಆಗಿತ್ತು. ಎರಡು ವರ್ಷದ ಹಿಂದೆ ಅವನ ತಮ್ಮ ಟ್ರಾಲ್ ಬೋಟಿಗೆ ಹೋದವನು ಬಲೆ ಎಳೆಯುವಾಗ ಕಾಲು ಜಾರಿ ನೀರಿಗೆ ಬಿದ್ದ. ಬೋಟು ಬಂತು, ಬಾಕಿ ಎಲ್ಲರೂ ಬಂದರು, ಅವನು ಬರಲಿಲ್ಲ. ಎಷ್ಟೋ ಬೋಟುಗಳು ಹುಡುಕಿದವು. ಮೈ ಸಿಗಲಿಲ್ಲ. ಇವನು ಹದಿನೈದು ದಿನ ರಜೆಯಲ್ಲಿ ಇದ್ದು ಮತ್ತೆ ಬಂದು ಟ್ರೇ ಹಿಡಿದ. ನಾವೆಲ್ಲ ಬಾಯಲ್ಲಿ ಹೇಳುವುದನ್ನು ಹೇಳಿದೆವು. ಅವನು ಆಯ್ತು ಆಯ್ತು ಎಂದ.

ಇಲ್ಲಿ ನನ್ನ ಒಂದು ಸಣ್ಣತನವನ್ನು ಬರೆಯಬೇಕು. ನಮ್ಮ ಕಡೆ ಒಬ್ಬರು ತೀರಿಕೊಂಡರೆ ಬೊಜ್ಜ ಮಾಡುತ್ತಾರೆ, ಅಂದರೆ ಉತ್ತರಕ್ರಿಯೆ. ಸೂತಕದಲ್ಲಿ ಬೆಳೆದ ಗಡ್ಡ ಮೀಸೆಯನ್ನು ಆಗ ತೆಗೆಸುತ್ತಾರೆ, ಊಟ ಇರುತ್ತದೆ, ಬೇಕಾದವರನ್ನು ಕರೆಯುತ್ತಾರೆ. ಇವನು ನನ್ನನ್ನು ಕರೆಯಲಿಲ್ಲ. ಮದುವೆಗೆ ಕರೆಯದಿದ್ದರೆ ಮರೆತ ಎನ್ನಬಹುದು, ಬೊಜ್ಜಕ್ಕೆ ಕರೆಯದಿದ್ದರೆ ನಾವು ಬೇಕಾದವರಲ್ಲ ಎಂದೇ ಲೆಕ್ಕ. ಒಟ್ಟಿಗೆ ಒಂಬತ್ತು ವರ್ಷ ದುಡಿದ ಮೇಲೆ, ಜ್ವರ ಬಂದಾಗ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ, ಹೀಗೆ ಮಾಡಿದನಲ್ಲ ಎಂದು ನನಗೆ ಉರಿದಿತ್ತು. ಕೇಳಲಿಲ್ಲ. ಕೇಳುವುದಕ್ಕೆ ಅಭಿಮಾನ ಅಡ್ಡ ಬಂತು. ಎರಡು ವರ್ಷ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಅವನ ಜೊತೆ ನಗುತ್ತಿದ್ದೆ.

ಇಪ್ಪತ್ತನೇ ತಾರೀಕು ಕಳೆಯಿತು, ಇಪ್ಪತ್ತೆರಡು ಕಳೆಯಿತು. ಅವನು ಅರ್ಜಿ ಕೊಡಲಿಲ್ಲ, ಗಡ್ಡವನ್ನೂ ತೆಗೆಯಲಿಲ್ಲ. ಹಾಜರಿ ಹಾಕುವಾಗ ನೋಟೀಸಿನ ಎದುರೇ ನಿಲ್ಲಬೇಕಲ್ಲ, ಆಗ ಅವನು ಅದರ ಕಡೆ ನೋಡುವುದನ್ನು ನೋಡುತ್ತಿದ್ದೆ. ನನಗೆ ಚಡಪಡಿಕೆ ಶುರುವಾಯಿತು. ಒಬ್ಬನು ಒಂದನೇ ತಾರೀಕು ಹಾಗೆಯೇ ಬಂದು ನಿಂತರೆ ಅವನನ್ನು ವಾಪಸು ಕಳಿಸಬೇಕಾದವನು ನಾನು. ಕಳಿಸದಿದ್ದರೆ ಉಳಿದ ಇಪ್ಪತ್ತಾರು ಜನ ನನ್ನ ಮುಖ ನೋಡುತ್ತಾರೆ. ಬಿಕರ್ನಕಟ್ಟೆಯಿಂದ ಬಸ್ಸಿನಲ್ಲಿ ಬರುವಾಗ ಅವನಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿ, ಹೋಟೆಲು ಮುಟ್ಟುವಷ್ಟರಲ್ಲಿ ಎಲ್ಲ ಹಾಳು ಮಾಡಿಕೊಳ್ಳುತ್ತಿದ್ದೆ. ಒಮ್ಮೆ ಆಡಾಡುತ್ತ ಎಂಬಂತೆ, ನಿನ್ನದು ಧಾರ್ಮಿಕವಾ ಸ್ಟೈಲಾ ಎಂದು ಕೇಳಿದೆ. ಅವನು ನಕ್ಕು ನೀರಿನ ಜಗ್ಗು ತೆಗೆದುಕೊಂಡು ಹೋದ.

ಇಪ್ಪತ್ತೈದನೇ ತಾರೀಕು ಮಧ್ಯಾಹ್ನ ರಶ್ಶು ಇಳಿದ ಮೇಲೆ ಕೈ ತೊಳೆಯುವ ಜಾಗದಲ್ಲಿ ಅವನನ್ನು ಹಿಡಿದೆ. ಸುತ್ತ ನಾಲ್ಕೈದು ಜನ ಇದ್ದರು. ಇವತ್ತು ಕೊನೆಯ ದಿನ, ಅರ್ಜಿ ಬರೆ ಅಥವಾ ನಾಳೆ ಗಡ್ಡ ತೆಗೆದು ಬಾ ಎಂದೆ. ತನ್ನದು ಅರ್ಜಿಯಲ್ಲಿ ಬರೆಯುವ ವಿಷಯ ಅಲ್ಲ ಎಂದ. ಹಾಗಾದರೆ ತೆಗೆ ಎಂದೆ. ತೆಗೆಯಲಿಕ್ಕೆ ಆಗುವುದಿಲ್ಲ ಎಂದ. ನನ್ನ ಸ್ವರ ಏರಿತು, ಸುತ್ತ ಇದ್ದವರು ಒಬ್ಬೊಬ್ಬರಾಗಿ ಜಾರಿಕೊಂಡರು. ಎಲ್ಲರಿಗೂ ಒಂದು ನಿನಗೆ ಒಂದಾ, ನೀನು ಎಸಿ ಹಾಲಿನವನು ಅಂತ ನಿನಗೆ ಕೊಂಬು ಉಂಟಾ ಎಂದೆಲ್ಲ ಕೂಗಾಡಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಹೊಟ್ಟೆಯಲ್ಲಿ ಇದ್ದದ್ದೂ ಹೊರಗೆ ಬಂತು.

"ತಮ್ಮನ ಬೊಜ್ಜಕ್ಕೆ ಕರೆಯುವಷ್ಟೂ ನಾನು ನಿನಗೆ ಯಾರೂ ಅಲ್ಲ. ಈಗ ನಾನು ಹೇಳಿದ್ದು ಯಾಕೆ ಕೇಳ್ತೀ ನೀನು?"

ಅವನು ನಲ್ಲಿ ನಿಲ್ಲಿಸಿದ. ಕೈಯನ್ನು ಹೆಗಲ ಬಟ್ಟೆಗೆ ಒರೆಸಿಕೊಂಡ. ಸಿಟ್ಟು ಮಾಡಲಿಲ್ಲ.

"ಬೊಜ್ಜ ಆಗಲೇ ಇಲ್ಲ ಅಣ್ಣ," ಎಂದ. "ಆಗಿದ್ದರೆ ಈ ಗಡ್ಡ ಇರ್ತಿರಲಿಲ್ಲ."

ಅಷ್ಟು ಹೇಳಿ ಹಿಂದಿನ ಬಾಗಿಲಿನಿಂದ ಹೊರಟುಹೋದ. ಬೊಜ್ಜಕ್ಕೆ ಕರೆಯಲಿಲ್ಲ ಎಂದು ಎರಡು ವರ್ಷ ಮುಖ ಊದಿಸಿಕೊಂಡಿದ್ದೆನಲ್ಲ, ಆಗದ ಬೊಜ್ಜಕ್ಕೆ! ಆ ಹೊತ್ತಿಗೆ ನನ್ನ ಕಪಾಳಕ್ಕೆ ಯಾರಾದರೂ ಹೊಡೆದಿದ್ದರೆ ಸಮಾಧಾನ ಆಗುತ್ತಿತ್ತು.

ಮರುದಿನ ಅವನು ಕೆಲಸಕ್ಕೆ ಬರಲಿಲ್ಲ. ಫೋನು ತೆಗೆಯಲಿಲ್ಲ. ಹನ್ನೊಂದು ವರ್ಷದಲ್ಲಿ ಹೇಳದೆ ರಜೆ ಮಾಡಿದವನಲ್ಲ. ಎಸಿ ಹಾಲಿನಲ್ಲಿ ಬೇರೆಯವನು ನಿಂತ, ಗಿರಾಕಿಗಳು ಅವನೆಲ್ಲಿ ಅವನೆಲ್ಲಿ ಎಂದು ನನ್ನನ್ನು ಕೇಳಿದರು. ನಾನು ಹೊಸ ಬುದ್ಧಿ ಓಡಿಸಿದೆ. ಅರ್ಜಿಯ ಫಾರಂ ತೆಗೆದು ನಾನೇ ಬರೆದೆ: 'ನನ್ನ ತಮ್ಮ ತಿರುಗಿ ಬರುವವರೆಗೆ ಗಡ್ಡ ತೆಗೆಯುವುದಿಲ್ಲವೆಂದು ನಮ್ಮ ದೈವದ ಎದುರು ಹರಕೆ ಹೊತ್ತಿದ್ದೇನೆ. ಆದಕಾರಣ ವಿನಾಯಿತಿ ಕೊಡಬೇಕಾಗಿ ವಿನಂತಿ.' ಹರಕೆ ಎಂದರೆ ಧಾರ್ಮಿಕವೇ ಆಯಿತು, ಮೇಡಂ ಎರಡು ಮಾತು ಆಡುವ ಹಾಗಿಲ್ಲ, ಒಂದು ದಿನ ತಡವಾದದ್ದನ್ನು ನಾನು ಸುಧಾರಿಸುತ್ತೇನೆ. ಅವನು ಸಹಿ ಹಾಕಿದರೆ ಮುಗಿಯಿತು. ನನ್ನ ಉಪಾಯವನ್ನು ನಾನೇ ಮೆಚ್ಚಿಕೊಂಡೆ. ಸಂಜೆ ನಾಲ್ಕಕ್ಕೆ ದಕ್ಕೆಗೆ ಹೋಗಿ ದೋಣಿ ಹತ್ತಿದೆ.

ಅವನ ಮನೆಗೆ ನಾನು ಹೋದದ್ದು ಅದೇ ಮೊದಲು. ಅದೂ ಒಂದು ಮಾತು. ಹೆಂಚಿನ ಸಣ್ಣ ಮನೆ, ಎದುರು ಸಿಮೆಂಟಿನ ಜಗಲಿ. ಅವನ ಅಮ್ಮ ಜಗಲಿಯಲ್ಲಿ ಒಣಮೀನು ಆರಿಸುತ್ತ ಕೂತಿದ್ದರು. ಎಪ್ಪತ್ತರ ಹತ್ತಿರದ, ಕೃಶವಾದ, ಆದರೆ ಗಟ್ಟಿ ಸ್ವರದ ಹೆಂಗಸು. ಒಂದು ಕಾಲದಲ್ಲಿ ಬುಟ್ಟಿ ಹೊತ್ತು ಮಣ್ಣಗುಡ್ಡದ ಮನೆಮನೆಗೆ ಮೀನು ಮಾರಿದವರು. ನಾನು ಯಾರೆಂದು ಹೇಳಿದೆ. ಅವರಿಗೆ ಗೊತ್ತಿತ್ತು, ಮಗ ಹೇಳುತ್ತಿರುತ್ತಾನೆ ಎಂದರು. ಮಗ ಅಂಗಡಿಗೆ ಹೋಗಿದ್ದಾನೆ, ಬರುತ್ತಾನೆ, ಕೂತುಕೊಳ್ಳಿ ಎಂದರು. ಇಬ್ಬರೂ ತುಳುವಿನಲ್ಲೇ ಮಾತಾಡಿದೆವು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಕೂತೆ, ಎದ್ದೆ, ಮತ್ತೆ ಕೂತೆ. ಮಗ ನಿನ್ನೆಯಿಂದ ಮಾತಾಡುತ್ತಿಲ್ಲ, ಹೋಟೆಲಿನಲ್ಲಿ ಏನಾದರೂ ಆಗಿದೆಯಾ ಎಂದು ಅವರೇ ಕೇಳಿದರು.

ನೋಟೀಸಿನ ವಿಷಯ ಹೇಳಿದೆ. ಬೂಟು, ಉಗುರು, ದಾರ ಎಲ್ಲ ಹೇಳಿ ಕೊನೆಗೆ ಗಡ್ಡದ ವಿಷಯ ಹೇಳಿದೆ. ಚಿಂತೆ ಮಾಡಬೇಡಿ, ಅದಕ್ಕೆ ದಾರಿ ಮಾಡಿದ್ದೇನೆ, ಒಂದು ಸಹಿ ಸಾಕು ಎಂದು ಫಾರಂ ತೆಗೆದೆ. ಓದಿ ಎಂದರು. ಓದಿದೆ.

ಅವರ ಕೈ ಮೀನಿನ ಮೇಲೆಯೇ ನಿಂತಿತು.

"ಹರಕೆ ಹೊತ್ತಿದ್ದಾನಾ ಅವನು?" ಎಂದರು. "ನನಗೆ ಹೇಳದೆ?"

ಆಗ ನನಗೆ ನಾನು ಎಂತಹ ಕೆಲಸ ಮಾಡಿದೆನೆಂದು ಹೊಳೆಯಿತು. ನಮ್ಮ ಕಡೆಯ ಯಾವ ತಾಯಿಯೂ ಹರಕೆಯನ್ನು ಕಾಗದದ ಮಾತು ಎಂದು ಬಿಡುವವಳಲ್ಲ. ದೈವದ ಎದುರು ತಮ್ಮ ಬರುವವರೆಗೆ ಎಂದಮೇಲೆ, ಬಾರದ ತಮ್ಮನಿಗಾಗಿ ಈ ಮಗ ಸಾಯುವವರೆಗೂ ಹಾಗೆಯೇ ಇರಬೇಕು. ಮನೆಯಲ್ಲಿ ಬೊಜ್ಜ ಎಂಬ ಮಾತೇ ಎತ್ತುವಂತಿಲ್ಲ. ಅವರ ಮುಖ ನೋಡಲು ಆಗಲಿಲ್ಲ. ಇಲ್ಲ ಅಮ್ಮ, ಅವನು ಹೊತ್ತಿಲ್ಲ, ನಾನೇ ಸುಳ್ಳು ಬರೆದದ್ದು ಎಂದು ಹೇಳಿದೆ. ಎರಡು ಸಲ ಹೇಳಬೇಕಾಯಿತು. ದೈವದ ಹೆಸರಿನಲ್ಲಿ ಸುಳ್ಳು ಬರೆದಿರಾ ಎಂದು ಅವರು ಕೇಳಲಿಲ್ಲ, ನೋಡಿದರು ಅಷ್ಟೇ. ನಾನು ಫಾರಂ ಹರಿದು ಜೇಬಿಗೆ ಹಾಕಿಕೊಂಡೆ.

ಮತ್ತೆ ಅವರು ಮೀನು ಆರಿಸತೊಡಗಿದರು. ಆರು ತಿಂಗಳಿಗೇ ತನಗೆ ಗೊತ್ತಾಗಿತ್ತು, ಸಣ್ಣ ಮಗ ಇನ್ನು ಇಲ್ಲ ಎಂದರು. ಸಮುದ್ರದ ಮನೆಯಲ್ಲಿ ಹುಟ್ಟಿದವಳು ನಾನು, ನನಗೆ ಗೊತ್ತಾಗುವುದಿಲ್ಲವಾ ಎಂದರು. ಊರಿನ ಮುಖ್ಯಸ್ಥರಾದ ಗುರಿಕಾರರು ಬಂದು, ಮೈ ಸಿಗದವರಿಗೂ ಮಾಡುವ ಕ್ರಮ ಉಂಟು, ಮಾಡಿ ಮುಗಿಸಿ ಎಂದಿದ್ದರಂತೆ. ಇವರು ಹೂಂ ಎನ್ನಲಿಲ್ಲವಂತೆ.

ಯಾಕೆ ಎಂದು ಕೇಳಿದೆ.

"ದೊಡ್ಡವನು ಗಡ್ಡ ತೆಗೆಯಲಿಲ್ಲ ಅಲ್ವಾ," ಎಂದರು. "ಅವನಿಗೆ ಹೊರಗಿನಿಂದ ಎಂತದೋ ಸುದ್ದಿ ಬಂದಿರಬೇಕು, ನನಗೆ ಹೇಳದೆ ಕಾಯ್ತಿದ್ದಾನೆ ಅಂತ ಗ್ರಹಿಸಿದೆ. ಹಾಗೆ ನಾನೂ ಕಾದೆ."

ಅವನು ಬಂದದ್ದು ನಮಗೆ ಗೊತ್ತಾಗಲಿಲ್ಲ. ಕೈಯಲ್ಲಿ ಬೆಲ್ಲದ ಪೊಟ್ಟಣ ಹಿಡಿದು ಅಂಗಳದಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅಮ್ಮನನ್ನು ನೋಡಿ, ನೀವು ಬೊಜ್ಜಕ್ಕೆ ಒಪ್ಪಲಿಲ್ಲ, ಹಾಗೆ ನಾನು ತೆಗೆಯಲಿಲ್ಲ ಎಂದ. ಮೆಲ್ಲಗೆ, ಯಾರೋ ಮೂರನೆಯವರ ವಿಷಯ ಹೇಳುವವನ ಹಾಗೆ. ನಾನು ತೆಗೆದರೆ ನಿಮ್ಮ ಎದುರು ಅವನನ್ನು ನಾನೇ ಕೊಂದ ಹಾಗೆ ಆಗ್ತಿತ್ತು ಎಂದ.

ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಪಾತ್ರೆಯ ಗಂಜಿ ಉಂಡುಕೊಂಡು, ಎರಡು ವರ್ಷ ಒಬ್ಬರ ಮುಖ ಇನ್ನೊಬ್ಬರು ನೋಡಿ ಕಾದಿದ್ದರು. ಅದನ್ನು ಕಂಡುಹಿಡಿದವನು ನಾನಲ್ಲ, ಉಗುರು ಬೂಟುಗಳ ಒಂದು ನೋಟೀಸು. ನನಗೆ ಅಲ್ಲಿಂದ ಎದ್ದು ಓಡಬೇಕು ಅನಿಸಿತು. ಅವರ ಮನೆಯ ಒಳಗಿನ ಮಾತು ಕೇಳಲು ನನಗೆ ಏನು ಹಕ್ಕಿತ್ತು? ಚಪ್ಪಲಿ ಹುಡುಕಿದೆ. ಅವನು ಕೂತುಕೊಳ್ಳಿ ಅಣ್ಣ, ಚಾ ಕುಡಿದು ಹೋಗಿ ಎಂದ. ಚಾ ಕುಡಿದೆ. ಮಗ ಜಗಲಿಯ ಕೆಳಗಿನ ಮೆಟ್ಟಿಲಲ್ಲಿ ಕೂತ, ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಅತ್ತದ್ದು ಅಷ್ಟೇ, ನನ್ನ ಎದುರಿಗಂತೂ.

ನಾನು ಹೊರಡುವಾಗ ಬಾಯಿಗೆ ಬಂದದ್ದು ಹೇಳಿದೆ: ಹಾಗಾದರೆ ಒಂದನೇ ತಾರೀಕಿನ ಒಳಗೆ ಮುಗಿಸಿದರೆ ಎಲ್ಲದಕ್ಕೂ ಅನುಕೂಲ ಆಗ್ತದೆ ಎಂದು. ಅಭ್ಯಾಸ ಬಿಡುತ್ತದೆಯೇ. ಆ ಅಮ್ಮ ಎದ್ದು ನಿಂತರು. ನನ್ನ ಭುಜದವರೆಗೂ ಬರದ ಹೆಂಗಸು.

"ಅದು ಆಗ್ಲಿಕ್ಕಿಲ್ಲ," ಎಂದರು. "ಹೋಟೆಲಿನವರು ಹೇಳಿದರು ಅಂತ ನನ್ನ ಮಗ ಸತ್ತ ಹಾಗೆ ಆಗಬಾರದು. ನಮ್ಮ ದಿನ ನಾವು ನೋಡ್ತೇವೆ. ಅಲ್ಲಿವರೆಗೆ ಇವನಿಗೆ ರಜೆ ಕೊಡಿ."

ನಾನು ತಲೆ ತಗ್ಗಿಸಿ ಆಯ್ತು ಎಂದೆ. ಮಗ ದೋಣಿಯವರೆಗೆ ಕಳಿಸಲು ಬಂದ. ಹೋಟೆಲಿನಲ್ಲಿ ಯಾರಿಗೂ ಹೇಳಬೇಡಿ ಅಣ್ಣ, ಎಲ್ಲರೂ ಬಂದು ಕೈ ಹಿಡಿದು ಮಾತಾಡಿದರೆ ನನಗೆ ತಡೆಯಲಿಕ್ಕೆ ಆಗುವುದಿಲ್ಲ ಎಂದ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮಾತು ಕೊಡುವುದು ಸುಲಭ. ಮೇಡಂ ಎದುರು ನಿಂತು ಅವನಿಗೆ ಎರಡು ವಾರ ರಜೆ ಬೇಕು ಎಂದಾಗ ಅವರು ಕಾರಣ ಕೇಳಿದರು. ಮನೆಯಲ್ಲಿ ಕಾರ್ಯ ಉಂಟು ಎಂದೆ. ಹೊಸ ಯೂನಿಫಾರಂ ಶುರುವಾಗುವ ವಾರವೇ ಕಾರ್ಯವಾ ಎಂದರು. ಕಾಯುವುದಕ್ಕೆ ಅಡ್ಡಿಯಿಲ್ಲ, ಆದರೆ ಬರುವಾಗ ಗಡ್ಡ ತೆಗೆದೇ ಬರಬೇಕು, ಅವನಿಗೆ ಬೇರೆ ನಿಯಮ ಇಲ್ಲ ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ತೆಗೆದೇ ಬರುತ್ತಾನೆ ಮೇಡಂ ಎಂದೆ. ರಜೆಯ ಪುಸ್ತಕದಲ್ಲಿ 'ಮನೆ ಕಾರ್ಯ' ಎಂದು ಬರೆದೆ.

ಒಂದನೇ ತಾರೀಕು ಬಂತು. ಬೆಳಿಗ್ಗೆ ಹತ್ತೂವರೆಗೆ ಎಲ್ಲರೂ ಸಾಲಾಗಿ ನಿಂತರು. ಹೊಸ ಬಟ್ಟೆಯ ಗಂಜಿ ಇನ್ನೂ ಹೋಗಿರಲಿಲ್ಲ, ತೋಳು ಮಡಚಿದರೆ ಸದ್ದು ಮಾಡುತ್ತಿತ್ತು. ಬೂಟಿನಲ್ಲಿ ನಡೆಯಲು ಬಾರದೆ ಮೀನು ಹುರಿಯುವವನು ಅಡುಗೆಮನೆಯ ಗೋಡೆ ಹಿಡಿದುಕೊಂಡು ಹೋದ. ಮೀಸೆಯ ವಿಷಯದಲ್ಲಿ ಒಂದು ತಮಾಷೆ ಆಯಿತು. ತುಟಿಯ ಅಂಚು ದಾಟಬಾರದು ಎಂದು ಬರೆದಿದ್ದೆನಲ್ಲ, ಅಂಚು ಎಲ್ಲಿ ಎಂದು ದಿನಾ ಅಳೆಯುವ ರಗಳೆ ಬೇಡವೆಂದು ಅರ್ಧಕ್ಕರ್ಧ ಜನ ಮೀಸೆಯನ್ನೇ ತೆಗೆದು ಬಂದಿದ್ದರು. ಇಪ್ಪತ್ತು ವರ್ಷದಿಂದ ನೋಡಿದ ಮುಖಗಳ ಗುರುತೇ ಸಿಗಲಿಲ್ಲ. ಕ್ಯಾಶಿನಲ್ಲಿ ಕೂರುವವರು ತಮ್ಮ ಮೇಲ್ತುಟಿ ಇಷ್ಟು ಉದ್ದ ಇದೆಯೆಂದು ತಮಗೇ ಗೊತ್ತಿರಲಿಲ್ಲ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎಸಿ ಹಾಲಿನ ಬಾಗಿಲ ಕಡೆ ಮಾತ್ರ ಕಣ್ಣು ಹೋಗುತ್ತಿತ್ತು.

ಬೊಜ್ಜ ಆದದ್ದು ಆರನೇ ತಾರೀಕು. ಈ ಸಲ ನನಗೂ ಕರೆಯ ಹೇಳಿಕೆ ಬಂದಿತ್ತು. ನಾನು ಒಬ್ಬನೇ ಹೋದೆ, ಮೇಡಂ ಹತ್ತಿರ ಬ್ಯಾಂಕಿನ ಕೆಲಸ ಎಂದು ಹೇಳಿ. ಅಲ್ಲಿಯ ವಿವರ ಬರೆಯುವುದಿಲ್ಲ, ಅದು ಅವರ ಮನೆಯದ್ದು. ಕ್ಷೌರಿಕ ಅವನ ಮುಖಕ್ಕೆ ನೀರು ಹಚ್ಚಿದಾಗ ಅವನ ಅಮ್ಮ ಒಳಗೆ ಹೋಗದೆ ಬಾಗಿಲಲ್ಲೇ ನಿಂತು ಕೊನೆಯವರೆಗೆ ನೋಡಿದರು ಎಂಬುದನ್ನು ಮಾತ್ರ ಹೇಳಬಲ್ಲೆ. ಎಲೆಯ ಮುಂದೆ ಕೂತು ಉಂಡು ಬಂದೆ.

ಹತ್ತನೇ ತಾರೀಕು ಅವನು ಕೆಲಸಕ್ಕೆ ಬಂದ. ಬೂದು ಅಂಗಿ, ಕೆಂಪು ಏಪ್ರನ್ನು, ಬೂಟು. ಗಡ್ಡ ಇದ್ದ ಜಾಗ ಉಳಿದ ಮುಖಕ್ಕಿಂತ ಬಿಳಿಯಾಗಿ, ಎಳೆಯದಾಗಿ ಕಾಣುತ್ತಿತ್ತು. ಮೀಸೆಯೂ ಇರಲಿಲ್ಲ. ಸಾಲಿನ ಕೊನೆಯಲ್ಲಿ ಕೈ ಹಿಂದೆ ಕಟ್ಟಿ ನಿಂತ. ನಾನು ಉಗುರು ನೋಡುತ್ತ ಅವನವರೆಗೆ ಬಂದೆ, ಅವನು ಕೈ ಮುಂದೆ ಚಾಚಿದ, ನಾನು ನೋಡಿದೆ ಎಂದು ತಲೆ ಆಡಿಸಿದೆ. ಅಷ್ಟರಲ್ಲಿ ಮೇಡಂ ಬಂದರು. ಅವನನ್ನು ನೋಡಿ ಅವರಿಗೆ ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ಮತ್ತೆ ಮುಖ ಅರಳಿತು. ಬಿಡುವುದಿಲ್ಲ ಎಂದು ಹಟ ಹಿಡಿದವನು ಒಪ್ಪಿಕೊಂಡು ಬಂದನಲ್ಲ ಎಂಬ ಖುಷಿ ಇರಬೇಕು, ಕೆಟ್ಟ ಮನಸ್ಸಿನದ್ದಲ್ಲ.

"ನೋಡಿ ಎಲ್ಲರೂ," ಎಂದರು. "ಹತ್ತು ವರ್ಷ ಸಣ್ಣವನ ಹಾಗೆ ಕಾಣ್ತಾನೆ. ಅವನಿಗೊಂದು ಚಪ್ಪಾಳೆ ಕೊಡಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಸೀಟಿ ಹೊಡೆದರು. ಅವನು ನೆಲ ನೋಡುತ್ತ ನಿಂತಿದ್ದ. ನಾನೂ ಚಪ್ಪಾಳೆ ತಟ್ಟಿದೆ. ತಟ್ಟದಿದ್ದರೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಹೇಳಬೇಕು, ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಈ ಲೆಕ್ಕಾಚಾರವೆಲ್ಲ ಆಮೇಲೆ ಹಾಕಿದ್ದು. ಆ ಹೊತ್ತಿಗೆ ಕೈ ತಾನಾಗಿ ಹೊಡೆಯಿತು. ಅದಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಬೇರೆ ಸಮಯದಲ್ಲಾದರೆ ಹೀಗಾಗುತ್ತಿರಲಿಲ್ಲ. ಮೀಸೆ ಇದ್ದ ಗಂಡಸು ಒಂದು ದಿನ ಮೀಸೆ ಗಡ್ಡ ಎರಡೂ ಇಲ್ಲದೆ ಬಂದರೆ ನಮ್ಮೂರಲ್ಲಿ ಯಾರೂ ಚಂದ ಕಾಣ್ತೀ ಎನ್ನುವುದಿಲ್ಲ. ಸ್ವರ ತಗ್ಗಿಸಿ, ಯಾರು ಹೋದದ್ದು ಎಂದು ಕೇಳುತ್ತಾರೆ. ಬಸ್ಸಿನಲ್ಲಿ ಗುರುತಿಲ್ಲದವರೂ ಕೇಳುತ್ತಾರೆ. ಆ ತಿಂಗಳು ನಮ್ಮ ಹೋಟೆಲಿನಲ್ಲಿ ಹದಿಮೂರು ಮುಖ ಬೋಳಾಗಿದ್ದವು. ಅವನದ್ದು ಹದಿನಾಲ್ಕನೆಯದು.

ಮಧ್ಯಾಹ್ನ ರಶ್ಶು ಮುಗಿಯಿತು. ಮೂರೂಕಾಲಕ್ಕೆ ಕೈ ತೊಳೆಯುವ ಜಾಗದಲ್ಲಿ ಅವನೊಬ್ಬನೇ ಇದ್ದ. ನಾನು ಪಕ್ಕದ ನಲ್ಲಿ ತಿರುಗಿಸಿದೆ. ಬೆಳಿಗ್ಗೆ ಹಾಗೆ ಆಗಬಾರದಿತ್ತು ಎಂದು ಹೇಳಲು ಹೊರಟೆ. ಅವನೇ ಮಾತಾಡಿದ. ಯಾರಿಗೂ ಹೇಳಬೇಡಿ ಎಂದು ನಾನೇ ಹೇಳಿದ್ದು ಅಣ್ಣ, ನಿಮ್ಮ ತಪ್ಪಲ್ಲ ಎಂದ. ಸ್ವಲ್ಪ ತಡೆದು, ಆದರೆ ಮುಖ ನೋಡಿ ಒಬ್ಬನಾದರೂ ಕೇಳ್ತಾನೆ ಅಂತ ಇದ್ದೆ, ಬೆಳಿಗ್ಗೆ ದೋಣಿಯಲ್ಲಿ ಬರುವಾಗ ಎಂತ ಹೇಳುವುದು ಅಂತ ಯೋಚಿಸಿ ಇಟ್ಟಿದ್ದೆ ಎಂದ. ಕನ್ನಡಿಯಲ್ಲಿ ತನ್ನ ಗಲ್ಲ ಮುಟ್ಟಿ ನೋಡಿಕೊಂಡ.

ನಾನು ನಲ್ಲಿ ನಿಲ್ಲಿಸಿದೆ. ಅವನ ಕಡೆ ತಿರುಗಿದೆ.

"ಯಾರು ಹೋದದ್ದು?" ಎಂದು ಕೇಳಿದೆ.

ಅವನು ನನ್ನ ಮುಖ ನೋಡಿದ. ಏಪ್ರನ್ನಿಗೆ ಕೈ ಒರೆಸಿಕೊಂಡು ನೇರ ನಿಂತ.

"ನನ್ನ ತಮ್ಮ," ಎಂದ. "ಸಮುದ್ರದಲ್ಲಿ."